ಸಹಾಯ ಬೇಕು: ಗಾಲಿಕುರ್ಚಿ ಸಮೇತ ತೂಗುವ ತಕ್ಕಡಿ, ಉಡುಪಿ-ಮಂಗಳೂರು

ಬೆನ್ನುಹುರಿ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲದವರ ತೂಕ ನೋಡಲು ತಕ್ಕಡಿ ಬೇಕಾಗಿದೆ. ನಾಲ್ಕೂ ಚಕ್ರ ಒಟ್ಟಿಗೆ ಕೂರುವಷ್ಟು ಅಗಲ, ಏರಲು ಇಳಿಜಾರು ಹಲಗೆ, 100 ಗ್ರಾಂ ತನಕ ತೋರಿಸುವಂಥದ್ದು. ಗೋದಾಮಿನ ತಕ್ಕಡಿಯಾದರೂ ಆದೀತು, ಆದರೆ ಒಂದು ಚಕ್ರ ಹೊರಗೆ ನಿಂತರೂ ಅದರ ಮೇಲಿನ ಭಾರ ಲೆಕ್ಕಕ್ಕೆ ಸಿಗುವುದಿಲ್ಲ.

ಕ್ರಮ ಇಷ್ಟೇ: ಮೊದಲು ಕುರ್ಚಿಯಲ್ಲಿ ಕೂತಂತೆ ತೂಗಿ, ಆಮೇಲೆ ಖಾಲಿ ಕುರ್ಚಿ. ಮೆತ್ತೆ, ಬೆನ್ನಿಗೆ ತೂಗುವ ಚೀಲ, ಕಾಲಿನ ಬೆಲ್ಟು ಎರಡೂ ಸಲ ಹಾಗೆಯೇ ಇರಬೇಕು. ಮೂತ್ರದ ಚೀಲ ಮೊದಲೇ ಖಾಲಿ ಮಾಡಿ. ಕುರ್ಚಿಯ ತೂಕ ಕಂಪನಿಯ ಚೀಟಿ ನೋಡಿ ಕಳೆಯಬೇಡಿ ಮಾರಾಯ್ರೆ, ಮೆತ್ತೆ ಸೇರಿದರೆ ಅದು ಹೊಂದುವುದೇ ಇಲ್ಲ.

ಒಂದು ಲೆಕ್ಕ: ಒಟ್ಟು 82.4 ಕೆಜಿ, ಕುರ್ಚಿ 18.4, ಉಳಿದದ್ದು 64. ಮಲಗಿಸಿ ಅಳೆದ ಉದ್ದ 1.68 ಮೀಟರ್. 64 ಅನ್ನು 1.68ರ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 22.7. ನಮ್ಮ ಮಾಮೂಲಿ ಪಟ್ಟಿಯಲ್ಲಿ 23ರ ಒಳಗೆ, ಅಂದರೆ ಸರಿ. ಆದರೆ ಇವರಲ್ಲಿ ಕಾಲಿನ ಸ್ನಾಯು ಕರಗಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ಆದ್ದರಿಂದ ದೀರ್ಘಕಾಲದ ಬೆನ್ನುಹುರಿ ಗಾಯದವರಿಗೆ 22 ದಾಟಿದರೇ ಬೊಜ್ಜು ಎಂದು ಹಿಡಿಯುವ ಮಿತಿ ಬಳಕೆಯಲ್ಲಿದೆ. ಕೈಕಾಲಿಗೆ ಕರೆಂಟು ಹರಿಸಿ ಕೊಬ್ಬು ಹೇಳುವ ಯಂತ್ರವನ್ನು ಇಲ್ಲಿ ನಂಬುವ ಹಾಗಿಲ್ಲ. ಪಾದದಲ್ಲಿ ನೀರು ತುಂಬಿದ್ದರೆ ಅದು ಕೊಬ್ಬನ್ನು ಕಡಿಮೆ ತೋರಿಸುತ್ತದೆ.

ಇಂಥ ತಕ್ಕಡಿ ನಿಮ್ಮ ಫಿಸಿಯೊಥೆರಪಿ ಕೇಂದ್ರದಲ್ಲೋ ಗೋದಾಮಿನಲ್ಲೋ ಇದ್ದರೆ ಹಲಗೆಯ ಉದ್ದಗಲ, ಬಾಗಿಲಿನ ಅಗಲ, ಯಾವಾಗ ಬರಬಹುದು ಎಂದು ಕಮೆಂಟಿನಲ್ಲಿ ತಿಳಿಸಿ.