ಪದಚರ್ಚೆ: ‘ರೆಸ್ ಇಪ್ಸಾ ಲೊಕ್ವಿಟರ್’ಗೆ ಕನ್ನಡದಲ್ಲಿ ಏನನ್ನೋಣ?

ಬಸವನಗುಡಿಯಿಂದ:
ಕಾನೂನು ಓದುವ ಮಕ್ಕಳಿಗೆ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉದಾಹರಣೆ ಹೀಗಿದೆ: ಮದುವೆ ಛತ್ರದಲ್ಲಿ ಎಲೆ ಮುಂದೆ ಕೂತ ಅತಿಥಿಯ ಭುಜದ ಮೇಲೆ ಸೀಲಿಂಗ್ ಫ್ಯಾನ್ ಬಿತ್ತು. ಕೊಕ್ಕೆಗೆ ಹಾಕಿದ ಬೋಲ್ಟು ಯಾವಾಗ ಸಡಿಲವಾಯಿತು, ಅದರ ಪಿನ್ನು ಯಾರು ಮರೆತರು, ಪಾಪ ಅವರಿಗೇನು ಗೊತ್ತು? ಆದರೂ ಛತ್ರದವರ ಅಜಾಗರೂಕತೆಯೇ ಕಾರಣ ಎಂದು ಕೋರ್ಟು ಊಹಿಸಬಹುದಂತೆ. ಈ ತತ್ವಕ್ಕೇ ಲ್ಯಾಟಿನ್ನಿನಲ್ಲಿ ‘ರೆಸ್ ಇಪ್ಸಾ ಲೊಕ್ವಿಟರ್’ ಅನ್ನುತ್ತಾರೆ. ನಾನು ಮೊದಲು ‘ಸ್ವಯಂಸಿದ್ಧ’ ಎಂದು ಬರೆದೆ. ಗಣಿತದ ಪುಸ್ತಕದ ಹಾಗೆ ಕೇಳಿಸಿತು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಅನ್ನುವ ಗಾದೆಯಿಂದ ಏನಾದರೂ ಕಟ್ಟಬಹುದಾ?

ರಾಜಾಜಿನಗರದಿಂದ:
ಗಾದೆಯೇ ಸರಿ. ಫ್ಯಾನು ಬಿದ್ದಿದೆ, ತಪ್ಪು ರುಜುವಾಯಿತು, ಮುಗಿಯಿತು. ಡಾಕ್ಟರು ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿದರೂ ಅಷ್ಟೇ, ಸೀದಾ ಜೈಲು.

ಮಲ್ಲೇಶ್ವರದಿಂದ:
ಮೂವತ್ತು ವರ್ಷ ಸಿವಿಲ್ ಕೋರ್ಟಿನಲ್ಲಿ ಓಡಾಡಿದವನು ನಾನು. ಅಂಗೈ ಹುಣ್ಣು ಅಂದರೆ ಮಾತು ಮುಗಿದ ಹಾಗೆ. ಇಲ್ಲಿ ಮುಗಿಯುವುದಿಲ್ಲ, ಶುರುವಾಗುತ್ತದೆ.

ಅತಿಥಿ ತೋರಿಸಬೇಕಾದ್ದು ಎರಡೇ. ಫ್ಯಾನು ಛತ್ರದವರ ಉಸ್ತುವಾರಿಯಲ್ಲಿತ್ತು. ಸರಿಯಾಗಿ ನೋಡಿಕೊಂಡ ಫ್ಯಾನು ಸುಮ್ನೆ ಬೀಳುವುದಿಲ್ಲ. ಇಷ್ಟಾದ ಮೇಲೆ ಛತ್ರದವರು ಬಾಯಿ ಬಿಡಬೇಕು. ಅವರು ಸುಮ್ಮನಿದ್ದರೆ ಸೋಲುವ ಸಂಭವ ಜಾಸ್ತಿ. ಆದರೆ ‘ಹಿಂದಿನ ರಾತ್ರಿ ಹೆಣ್ಣಿನ ಕಡೆಯವರು ತಾವೇ ಕರೆಸಿದ ಡೆಕೊರೇಷನ್ ಹುಡುಗರು ಏಣಿ ಹತ್ತಿ, ಫ್ಯಾನಿನ ರಾಡಿಗೆ ಹೂವಿನ ಚಪ್ಪರದ ಹಗ್ಗ ಬಿಗಿದಿದ್ದರು’ ಎಂದು ತೋರಿಸಿದರು ಅನ್ನಿ. ಆಗ ಉಸ್ತುವಾರಿ ಯಾರದ್ದು? ಊಹೆ ಅಲ್ಲಿಗೇ ಕಳಚಿಕೊಂಡಿತು. ಅತಿಥಿ ಮತ್ತೆ ಮೊದಲಿನಿಂದ ರುಜುವಾತು ತರಬೇಕು. ‘ಸ್ವಯಂಸಿದ್ಧ’ದಲ್ಲಿ ಈ ಹಿಂದೆಮುಂದೆಗೆ ಜಾಗ ಎಲ್ಲಿದೆ?

ಇನ್ನು ಜೈಲಿನ ಮಾತು. ಕ್ರಿಮಿನಲ್ ಕೇಸಿನಲ್ಲಿ ಇದೊಂದನ್ನೇ ನಂಬಿ ಶಿಕ್ಷೆ ಕೊಡಲಾಗದು. ನಮ್ಮ ಕರ್ನಾಟಕದ್ದೇ ಒಂದು ಕೇಸು, ಸೈಯದ್ ಅಕ್ಬರ್ ಎಂಬ ಬಸ್ ಡ್ರೈವರದ್ದು. 1979ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿ ಆತನನ್ನು ಬಿಟ್ಟಿತು. ಪರಿಹಾರದ ದಾವೆ ಬೇರೆ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಆಪರೇಷನ್ ಆದ ಹೆಂಗಸಿನ ಹೊಟ್ಟೆಯಲ್ಲಿ ಒರೆಸುವ ಬಟ್ಟೆ ಉಳಿದುಹೋಯಿತು, ಆಕೆ ತೀರಿಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟು ಈ ತತ್ವವನ್ನೇ ಹಿಡಿದು ಪರಿಹಾರ ಎತ್ತಿಹಿಡಿಯಿತು. ಹಾಗಂತ ಆಪರೇಷನ್ ಫಲ ಕೊಡದೇ ಹೋದಾಗೆಲ್ಲ ಇದು ನಡೆಯುವುದಿಲ್ಲ. ಎಷ್ಟು ಜಾಗರೂಕರಾಗಿದ್ದರೂ ಕಾಯಿಲೆ ವಾಸಿಯಾಗದೇ ಇರಬಹುದು. ಬಟ್ಟೆ ಹಾಗಲ್ಲ, ಯಾರಾದರೂ ಮರೆತರೆ ಮಾತ್ರ ಒಳಗೆ ಉಳಿಯುತ್ತದೆ.

ವಿಜಯನಗರದಿಂದ:
ನಮ್ಮ ಬಾಡಿಗೆ ಮನೆಯಲ್ಲೂ ಫ್ಯಾನು ಬಿತ್ತು ಸಾರ್. ಮಂಚದ ಮೇಲೆ ಯಾರೂ ಇರಲಿಲ್ಲ, ಪುಣ್ಯ. ಓನರು ‘ನೀವೇ ತಂದು ಹಾಕಿದ್ದು’ ಅಂದರು. ಹಾಕಿದ್ದು ನಾವೇ, ಆದರೆ ಕೊಕ್ಕೆ ಅವರದ್ದು, ಕಿತ್ತು ಬಂದಿದ್ದೂ ಕೊಕ್ಕೆಯೇ. ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಬಹುದಾ?

ಮಲ್ಲೇಶ್ವರದಿಂದ:
ಅದು ಪದದ ಪ್ರಶ್ನೆ ಅಲ್ಲ ಮಾರಾಯರೇ! ಆದರೂ ಉಸ್ತುವಾರಿ ಹಂಚಿಹೋದರೆ ಎಷ್ಟು ಕಷ್ಟ ಎನ್ನುವುದಕ್ಕೆ ಒಳ್ಳೇ ಉದಾಹರಣೆ ಕೊಟ್ಟಿರಿ. ಅಡ್ವಾನ್ಸ್ ವಿಷಯಕ್ಕೆ ಕರಾರು ಪತ್ರ ನೋಡಿ.

ಜಯನಗರದಿಂದ:
ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ. ಹೊಟ್ಟೆ ಮುಚ್ಚುವ ಮೊದಲು ಬಟ್ಟೆ, ಕತ್ತರಿ, ಇಕ್ಕಳ ಎಲ್ಲ ಇಬ್ಬರು ಸೇರಿ ಜೋರಾಗಿ ಎಣಿಸುತ್ತೇವೆ. ಒಂದು ಕಡಿಮೆ ಬಂದರೆ ಹುಡುಕಾಟ, ಸಿಗದಿದ್ದರೆ ಎಕ್ಸ್‌ರೇ. ಬಟ್ಟೆಯಲ್ಲಿ ಎಕ್ಸ್‌ರೇಗೆ ಕಾಣುವ ದಾರ ಇರುತ್ತದೆ. ಈಗ ಹೇಳಿ, ‘ಲೆಕ್ಕ ಸರಿ’ ಎಂದು ಸಹಿಯೂ ಇದೆ, ಒಳಗೆ ಬಟ್ಟೆಯೂ ಸಿಕ್ಕಿದೆ. ಯಾವುದರ ಮಾತು ಕೇಳುತ್ತೀರಿ?

ಮಲ್ಲೇಶ್ವರದಿಂದ:
ನಾನಂತೂ ಬಟ್ಟೆಯ ಮಾತು ಕೇಳುತ್ತೇನೆ. ಎದುರು ವಕೀಲರು ಸಹಿ ತೋರಿಸುತ್ತಾರೆ.

ಬಸವನಗುಡಿಯಿಂದ:
ಹಾಗಾದರೆ ‘ವಸ್ತುವೇ ಮಾತಾಡುತ್ತದೆ’ ಅಂದುಬಿಡಲಾ? ಪದಕ್ಕೆ ಪದ ಕೂತಿದೆ.

ಮಲ್ಲೇಶ್ವರದಿಂದ:
ವಸ್ತು ಬೇಡ. ಇದರ ಮೂಲ ಕೇಸು 1863ರ ಇಂಗ್ಲೆಂಡಿನದ್ದು. ಲಿವರ್‌ಪೂಲ್‌ನ ಹಿಟ್ಟಿನ ಅಂಗಡಿಯ ಮಹಡಿಯಿಂದ ದಾರಿಹೋಕನ ಮೇಲೆ ಪೀಪಾಯಿ ಬಿತ್ತು. ಅಲ್ಲಿ ಮಾತಾಡಿದ್ದು ಪೀಪಾಯಿ ಅಲ್ಲ, ಅದು ಬಿದ್ದ ಸಂಗತಿ. ಲ್ಯಾಟಿನ್ನಿನ ‘ರೆಸ್’ ಎರಡಕ್ಕೂ ಸಲ್ಲುತ್ತದೆ, ನಮ್ಮ ‘ವಸ್ತು’ ಸಲ್ಲುವುದಿಲ್ಲ. ‘ಸಂಗತಿಯೇ ಸಾಕ್ಷಿ’ ಅನ್ನಿ. ಸಾಕ್ಷಿ ಅಂದಮೇಲೆ ಪಾಟೀಸವಾಲು ಇದ್ದೇ ಇರುತ್ತದೆ, ಅಲ್ವಾ? ಎದುರಾಳಿಗೂ ಅವಕಾಶ ಉಳಿಯಿತು.

ರಾಜಾಜಿನಗರದಿಂದ:
ಜೈಲಿನ ಮಾತು ವಾಪಸ್ ತಗೊಂಡೆ. ಆದರೆ ‘ಸಾಕ್ಷಿ’ಯಲ್ಲಿ ‘ಮಾತಾಡುತ್ತದೆ’ ಅನ್ನುವ ಕ್ರಿಯೆಯೇ ಮಾಯವಾಯಿತಲ್ಲ. ‘ಸಂಗತಿಯೇ ನುಡಿದೀತು’ ಅಂದರೆ? ‘ನುಡಿದೀತು’ವಿನಲ್ಲಿ ಊಹೆಯೂ ಇದೆ.

ಬಸವನಗುಡಿಯಿಂದ:
ಚೆನ್ನಾಗಿದೆ, ಆದರೆ ಹಳ್ಳಿಯಿಂದ ಬಂದ ಹುಡುಗರು ಪರೀಕ್ಷೆಯಲ್ಲಿ ಬರೆಯಬೇಕಲ್ಲ. ಸದ್ಯಕ್ಕೆ ‘ಸಂಗತಿಯೇ ಸಾಕ್ಷಿ’ ಇಟ್ಟಿದ್ದೇನೆ. ಅಚ್ಚಿಗೆ ಹೋಗಲು ಇನ್ನೂ ಎರಡು ವಾರ ಇದೆ.