ಸಹಾಯ ಬೇಕು: ನನ್ನ ಕತೆಯ ಅಜ್ಜಿಯ ಎಸ್ಪ್ರೆಸೊ

ನಮಸ್ಕಾರ. ಸಣ್ಣಕತೆಯೊಂದು ಬರೆಯುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಿವೃತ್ತ ಟೀಚರ್ ಅಜ್ಜಿಗೆ ಹೊರದೇಶದ ಮೊಮ್ಮಗ ವಿಡಿಯೊ ಕಾಲ್‌ನಲ್ಲಿ ಎಸ್ಪ್ರೆಸೊ ಕಲಿಸುತ್ತಾನೆ.

ಮೊದಲ ಸಲ 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ ಬರೀ 12 ಸೆಕೆಂಡಿಗೆ ಸುರಿದುಬಿಡುತ್ತದೆ. ತೆಳ್ಳಗೆ, ಬರೀ ಹುಳಿ. "ಅಜ್ಜಿ, ಇನ್ನೂ ನುಣ್ಣಗೆ ಬೀಸು" ಅನ್ನುತ್ತಾನೆ. ಬೀಸಿದ ಮೇಲೆ ಅಷ್ಟೇ ಕಾಫಿಗೆ 27 ಸೆಕೆಂಡು. ಸಮಯ ಸರಿಹೋಯಿತು, ಆದರೂ ಒಂದೇ ಗುಟುಕಿನಲ್ಲಿ ಹುಳಿ, ಕಹಿ ಎರಡೂ!

ಕಾರಣ ನಾನು ಇಟ್ಟುಕೊಂಡಿರುವುದು ಇದು: ಪುಡಿಯನ್ನು ಟ್ಯಾಂಪರ್‌ನಿಂದ ಒತ್ತುವಾಗ ಆಕೆಯ ಕೈ ವಾಲುತ್ತದೆ. ತೆಳುವಾದ ಕಡೆಯಿಂದ ನೀರು ಹೆಚ್ಚು ನುಗ್ಗಿ ಅಲ್ಲಿನ ಕಹಿಯನ್ನೂ ಎಳೆದು ತರುತ್ತದೆ, ದಪ್ಪನೆಯ ಕಡೆ ಸರಿಯಾಗಿ ಇಳಿಯುವುದೇ ಇಲ್ಲ, ಅದಕ್ಕೇ ಹುಳಿ. ಕೊನೆಗೆ ಅಜ್ಜಿ ಬಗ್ಗಿ, ಪುಡಿ ತುಂಬಿದ ಬುಟ್ಟಿಯ ಅಂಚಿಗೆ ಕಣ್ಣು ಸಮ ಮಾಡಿ, ಕಪ್ಪುಹಲಗೆಯ ಮೇಲೆ ಗೆರೆ ನೋಡಿದಂತೆ ನೋಡುತ್ತಾಳೆ. ಈ ದೃಶ್ಯ ನನಗೆ ತುಂಬಾ ಇಷ್ಟ.

ನನ್ನ ಪ್ರಶ್ನೆ: ಆ ಬುಟ್ಟಿಯನ್ನು ಮೆಷಿನ್‌ಗೆ ಸಿಕ್ಕಿಸುವ ಹಿಡಿ, ಅಂದರೆ ಪೋರ್ಟಾಫಿಲ್ಟರ್, ತಳ ತೆರೆದದ್ದಾದರೆ ಬೇಗ ಬಿಳಿಚುವ ಕಾಫಿಯ ಎಳೆ, ಪಕ್ಕಕ್ಕೆ ಚಿಮ್ಮುವ ಹನಿ ಮೊಮ್ಮಗನಿಗೆ ಕಾಣುತ್ತದೆ. ಅಜ್ಜಿಯದ್ದು ಎರಡು ಮೂತಿಯದ್ದು. ಫೋನಿನಲ್ಲಿ ಅವನು ಅಜ್ಜಿಯ ಕೈ ವಾಲಿದ್ದನ್ನು ಹೇಗೆ ಪತ್ತೆಹಚ್ಚಬಹುದು? ಮನೆಯಲ್ಲಿ ಮೆಷಿನ್ ಇರುವವರು ದಯವಿಟ್ಟು ನಿಮಗೆ ಕಂಡಿದ್ದನ್ನೇ ಹೇಳಿ.