ಪದಚರ್ಚೆ: "ತಾಪಮಾನಗಳ ವ್ಯುತ್ಕ್ರಮ ವ್ಯತ್ಯಾಸ" ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ರಸಾಯನಶಾಸ್ತ್ರದ ಲ್ಯಾಬ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ತಾಪಮಾನಗಳಲ್ಲಿ ಅಳೆದ ದರ ಸ್ಥಿರಾಂಕಗಳಿಂದ ಸಕ್ರಿಯಣ ಶಕ್ತಿ ಕಂಡುಹಿಡಿಯುವ ಪಾಠ ಅದು. ಅರೇನಿಯಸ್ 1889ರಲ್ಲಿ ಮುಂದಿಟ್ಟ ಸಂಬಂಧವನ್ನು ಎರಡು ಸಲ ಬರೆದು ಭಾಗಿಸಿದರೆ ಹೀಗಾಗುತ್ತದೆ:

```
ln(k2/k1) = (Ea/R) × (1/T1 − 1/T2)
```

ಬಲಗಡೆಯ ಆವರಣವನ್ನು ಮಾತಿನಲ್ಲಿ "ಎರಡು ತಾಪಮಾನಗಳ ವ್ಯುತ್ಕ್ರಮ ವ್ಯತ್ಯಾಸ" ಎಂದು ಬರೆದಿದ್ದೆ. ಇಬ್ಬರು ವಿದ್ಯಾರ್ಥಿಗಳಿಗೆ ಸೂತ್ರ ತೋರಿಸದೆ ಬರೀ ವಾಕ್ಯ ಓದಿಸಿದೆ. ಒಬ್ಬರಿಗೆ 102 ಕಿಲೋಜೌಲ್ ಬಂತು, ಇನ್ನೊಬ್ಬರಿಗೆ 0.94. ಎರಡನೆಯವರು ಮೊದಲು ತಾಪಮಾನಗಳನ್ನು ಕಳೆದು, ಬಂದ 30ರ ವ್ಯುತ್ಕ್ರಮ ತೆಗೆದಿದ್ದರು. ಕನ್ನಡದಲ್ಲಿ ಆ ಮಾತಿಗೆ ಎರಡೂ ಅರ್ಥ ಹೊಂದುತ್ತದೆ, ಅಲ್ವಾ? ಗೊಂದಲವಿಲ್ಲದೆ ಹೇಗೆ ಬರೆಯಲಿ?
ಸವಿತಾ

ಸವಿತಾ ಅವರೇ, ಇದಕ್ಕೆ ಇಷ್ಟು ಲೆಕ್ಕ ಬೇಕೇ? ಹತ್ತು ಡಿಗ್ರಿ ಏರಿದರೆ ವೇಗ ಎರಡುಪಟ್ಟು ಅಂತ ನಾವು ಓದಿದ್ದೆವು. ಅದನ್ನೇ ಹಾಕಿದರೆ ವಿದ್ಯಾರ್ಥಿಗಳಿಗೆ ಸುಲಭ.
ನಾಗೇಶ

ನಾಗೇಶ್ ಸರ್, ಆ ಮಾತು ಕೋಣೆಯ ತಾಪಮಾನದ ಹತ್ತಿರ, ಸಕ್ರಿಯಣ ಶಕ್ತಿ ಸುಮಾರು 50 ಕಿಲೋಜೌಲ್ ಇದ್ದಾಗ ಮಾತ್ರ ನಡೆಯುತ್ತದೆ. ಸವಿತಾ ಅವರ ಉತ್ತರ ನೋಡಿದರೆ ಲೆಕ್ಕ ಡೈನೈಟ್ರೋಜನ್ ಪೆಂಟಾಕ್ಸೈಡ್ ವಿಭಜನೆಯದ್ದೇ ಇರಬೇಕು. 298 ಕೆಲ್ವಿನ್‌ನಲ್ಲಿ ಅದರ ದರ ಸ್ಥಿರಾಂಕ ಸೆಕೆಂಡಿಗೆ 3.46 × 10⁻⁵. 328ರಲ್ಲಿ 1.50 × 10⁻³. ಮೂವತ್ತು ಡಿಗ್ರಿಗೆ 43 ಪಟ್ಟು! ಹತ್ತಕ್ಕೆ ಮೂರೂವರೆ ಪಟ್ಟು ಬಿತ್ತು, ಎರಡಲ್ಲ.

43ರ ಸ್ವಾಭಾವಿಕ ಲಾಗರಿದಮ್ ಸುಮಾರು 3.77. 1/298ರಿಂದ 1/328 ಕಳೆದರೆ 0.000307. 8.314ನ್ನು 3.77ರಿಂದ ಗುಣಿಸಿ 0.000307ರಿಂದ ಭಾಗಿಸಿದರೆ ಮೋಲ್‌ಗೆ 102 ಕಿಲೋಜೌಲ್ ಸಿಗುತ್ತದೆ.

0.94 ತಪ್ಪು ಅಂತ ಗೊತ್ತಾಗಲು ಉತ್ತರದ ಪುಟ ಬೇಕಿಲ್ಲ. ಅದನ್ನು ಸೂತ್ರಕ್ಕೆ ವಾಪಸ್ ಹಾಕಿ. ಮೂವತ್ತು ಡಿಗ್ರಿ ಏರಿದರೂ ವೇಗ ನೂರಕ್ಕೆ ಮೂರೂವರೆಯಷ್ಟೇ ಹೆಚ್ಚುತ್ತದೆ. ಅಳೆದದ್ದು 43 ಪಟ್ಟು. ಕೈಪಿಡಿಯಲ್ಲಿ ಈ ಪರೀಕ್ಷೆಯನ್ನು ಒಂದು ಸಾಲಿನಲ್ಲಾದರೂ ಸೇರಿಸಿ ಅಂತ ನನ್ನ ಒತ್ತಾಯ.

ಪದದ ವಿಷಯಕ್ಕೆ ಬಂದರೆ, "ವ್ಯುತ್ಕ್ರಮಗಳ ವ್ಯತ್ಯಾಸ" ಎಂದು ಬಹುವಚನ ಹಾಕಿದರೆ ಸಾಕು. ವ್ಯುತ್ಕ್ರಮ ಎರಡಿವೆ, ಕಳೆಯುವುದು ಆಮೇಲೆ ಅನ್ನುವುದು ಆ "ಗಳ"ದಲ್ಲೇ ಬರುತ್ತದೆ.
ಗುರುಪ್ರಸಾದ್

ನಾನು ಕಿಣ್ವಗಳ ಮೇಲೆ ಕೆಲಸ ಮಾಡುತ್ತೇನೆ. 30 ಮತ್ತು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದು, ಕೆಲ್ವಿನ್‌ಗೆ ಬದಲಿಸಿ, ವ್ಯುತ್ಕ್ರಮಗಳನ್ನೇ ಕಳೆದೆ. ಆದರೂ ಸಕ್ರಿಯಣ ಶಕ್ತಿ ಋಣ ಬಂತು. ನನ್ನದೂ ಇದೇ ಪದದ ಗೊಂದಲವೇ?
ರೇಣುಕಾ

ಇಲ್ಲ ರೇಣುಕಾ ಮೇಡಂ, ನಿಮ್ಮದು ಬೇರೆ. ಲೆಕ್ಕ ಸರಿ ಇರಬಹುದು, ಆದರೆ 65ಕ್ಕೆ ಕಿಣ್ವವೇ ಕೆಡುತ್ತಿರಬಹುದು. ವೇಗ ನಡುವೆ ಎಲ್ಲೋ ಏರಿ ಇಳಿದಿರುತ್ತದೆ. ಎರಡೇ ಬಿಂದುಗಳಿದ್ದಾಗ ಆ ಏರಿಳಿತ ಕಾಣುವುದಿಲ್ಲ, ಏಕೆಂದರೆ ಎರಡು ಬಿಂದುಗಳ ನಡುವೆ ಯಾವಾಗಲೂ ನೇರ ಗೆರೆ ಎಳೆಯಬಹುದು. ನಡುವೆ ಐದಾರು ತಾಪಮಾನಗಳಲ್ಲಿ ಅಳೆದು, 1/T ಎದುರು ln k ಹಾಕಿ ನೋಡಿ. ಗೆರೆ ನೇರವಾಗಿರುವ ಭಾಗದಲ್ಲಿ ಮಾತ್ರ ಈ ಸೂತ್ರ ನಂಬಬಹುದು.

ಹಾಗಂತ ತಾಪಮಾನಗಳನ್ನು ತೀರಾ ಹತ್ತಿರ ತರುವುದೂ ಬೇಡ. ಸವಿತಾ ಅವರ ಲೆಕ್ಕದಲ್ಲಿ ದರ ಸ್ಥಿರಾಂಕಗಳ ಅನುಪಾತ ನೂರಕ್ಕೆ ಏಳರಷ್ಟು ತಪ್ಪಿದರೆ ಉತ್ತರ ಸುಮಾರು 2 ಕಿಲೋಜೌಲ್ ಅಲುಗುತ್ತದೆ. ಅಂತರ 30ರ ಬದಲು 10 ಡಿಗ್ರಿ ಇದ್ದಿದ್ದರೆ ಅದೇ ತಪ್ಪಿಗೆ 5ಕ್ಕಿಂತ ಜಾಸ್ತಿ ಅಲುಗುತ್ತಿತ್ತು.
ಗುರುಪ್ರಸಾದ್

ಧನ್ಯವಾದ ಸರ್. "ಗಳ" ಹಾಕಿದೆ. ಇನ್ನೂ ಬಿಡಿಸಿ ಹೀಗೂ ಬರೆದು ನೋಡಿದೆ: "ಮೊದಲು ಎರಡೂ ತಾಪಮಾನಗಳ ವ್ಯುತ್ಕ್ರಮ ತೆಗೆಯಿರಿ. ಆಮೇಲೆ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ." ಆದರೆ ಇಲ್ಲಿ ಇನ್ನೊಂದು ತೊಡಕು. ಕಡಿಮೆ ತಾಪಮಾನದ ವ್ಯುತ್ಕ್ರಮವೇ ದೊಡ್ಡದು. "ದೊಡ್ಡದು" ಅಂದಾಗ ಓದುವವರು ತಾಪಮಾನವನ್ನು ನೆನೆಯುತ್ತಾರೋ, ವ್ಯುತ್ಕ್ರಮವನ್ನೋ?
ಸವಿತಾ

"ತಂಪಿನ ಅಳತೆ", "ಬಿಸಿಯ ಅಳತೆ" ಅಂತ ಹೆಸರಿಟ್ಟರೆ ಹೇಗೆ? ತಂಪಿನದರಿಂದ ಬಿಸಿಯದನ್ನು ಕಳೆಯಿರಿ ಅಂದರೆ ಮುಗಿಯಿತು.
ನಾಗೇಶ

ಕೇಳಲು ಚೆನ್ನಾಗಿದೆ. ಆದರೆ 600 ಮತ್ತು 700 ಕೆಲ್ವಿನ್‌ನಲ್ಲಿ ಅಳೆದವರು ಯಾವುದನ್ನು ತಂಪು ಅನ್ನಬೇಕು? ನನಗೆ T1, T2 ಅಂತಲೇ ಬಿಡುವುದು ವಾಸಿ ಅನಿಸುತ್ತದೆ. ಉಳಿದವರು ಏನಂತೀರಿ?
ರೇಣುಕಾ